ಎರಡನೇ ಬಾಗಿಲಿನ ಬೆಳಕು

ನವೆಂಬರ್ 14

ಚಿಕ್ಕಮ್ಮಾ,

ಲಕೋಟೆಯಲ್ಲಿ ಒಂದು ಫೋಟೋ ಇದೆ. ಮೊದಲು ಅದನ್ನು ನೋಡು, ಆಮೇಲೆ ಓದು.

ನೋಡಿದೆಯಾ? ಹೋದ ತಿಂಗಳು ಬಂದಿದ್ದಾಗ ನಿನ್ನ ಕನ್ನಡಕದ ಅಂಗಡಿಯಲ್ಲಿ, ಗಲ್ಲಾದ ಹಿಂದೆ ನಿಲ್ಲಿಸಿ ತೆಗೆದದ್ದು. "ಅಂಗಡಿಯ ಆನ್‌ಲೈನ್ ಪುಟಕ್ಕೆ ಹಾಕ್ತೀನಿ, ಒಂದು ಫೋಟೋ ತೆಗೀಲಾ?" ಅಂದಾಗ ನೀನು "ತೆಗಿ, ಹಾಕು, ಬೇಗ ಮುಗಿಸು, ಗಿರಾಕಿ ಕಾಯ್ತಿದಾರೆ" ಅಂದಿದ್ದೆ. ಮೊನ್ನೆ ಹಾಕಿದೆ. ಕೆಳಗೆ "ಕಣ್ಣಿನ ಕಾಳಜಿಗೆ ನಂಬಿಕೆಯ ಜಾಗ" ಎಂದು ಬರೆದೆ. ಇದುವರೆಗೆ ನಿನ್ನ ಪುಟದಲ್ಲಿ ಯಾವುದಕ್ಕೂ ಇಷ್ಟು ಜನ ಮೆಚ್ಚುಗೆ ಒತ್ತಿರಲಿಲ್ಲ. ನೆಂಟರ ಗುಂಪಿನಲ್ಲೂ ಅದೇ ಫೋಟೋ ಓಡಾಡುತ್ತಿದೆ.

ಸ್ವಲ್ಪ ಕೈಚಳಕ ತೋರಿಸಿದ್ದೇನೆ, ಗೊತ್ತಾಗಿರಬೇಕು. ಸ್ಟುಡಿಯೋದಲ್ಲಿ ದಿನವಿಡೀ ಕೂತು ಕಂಡವರ ಮುಖಗಳನ್ನೆಲ್ಲ ತಿದ್ದುವವಳು ನಾನು. ನಮ್ಮ ಚಿಕ್ಕಮ್ಮನಿಗೆ ಒಂದು ಉಡುಗೊರೆ ಕೊಡಬಾರದೇ? ನಾನು ಹಾಸ್ಟೆಲ್ಲಿನಲ್ಲಿದ್ದಾಗ ವಾರ ತಪ್ಪದೆ ಕಾಗದ ಬರೆದವಳು ನೀನು. ಆ ಋಣ ತೀರುವಂಥದ್ದಲ್ಲ, ಆದರೂ ಇದು ನನ್ನ ಕಡೆಯಿಂದ.

ಹೇಗಿದೆ ಎಂದು ಬರಿ. ಹೊಗಳಿಕೆ ಧಾರಾಳವಾಗಿರಲಿ.

ನಿನ್ನ
ಚೂಟಿ


ನವೆಂಬರ್ 23

ಚೂಟಿ,

ಫೋಟೋ ಬಂತು. ಲಕೋಟೆ ಮುದುಡದಿರಲೆಂದು ಒಳಗೆ ರಟ್ಟು ಇಟ್ಟಿದ್ದೀಯ, ಅದನ್ನು ನೋಡಿಯೇ ಸಂತೋಷವಾಯಿತು. ನಿನ್ನಿಂದಾಗಿ ನನ್ನ ಅಂಗಡಿಗೂ ಒಂದು ಪುಟ ಅಂತ ಇದೆ. ಹೊಸ ಮುಖಗಳು ಬರುತ್ತಿವೆ. ಇಷ್ಟೆಲ್ಲ ನೀನು ಸುಮ್ಮನೆ ಮಾಡಿಕೊಡುತ್ತೀಯ, ಅದು ನನಗೆ ಗೊತ್ತು. ಇದನ್ನು ಮೊದಲು ಬರೆದೆ, ಮುಂದೆ ಬರೆಯುವುದನ್ನು ಓದುವಾಗ ನೀನು ಇದನ್ನು ಮರೆಯದಿರಲಿ ಅಂತ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಹೇಳಿದರೆ ಅರ್ಧ ಮಾತಿಗೇ ನೀನು ಅಳುತ್ತೀಯ, ನಾನು "ಹೋಗ್ಲಿ ಬಿಡು" ಅಂದುಬಿಡುತ್ತೇನೆ. ಇದು ಹೋಗಲಿ ಬಿಡು ಅನ್ನುವ ವಿಷಯವಲ್ಲ.

ನನ್ನ ಎಡಗಣ್ಣನ್ನು ಎಲ್ಲಿ ಇಟ್ಟೆ, ಚೂಟಿ?

ಹುಟ್ಟಿದಾಗಿನಿಂದ ಮೂಗಿನ ಕಡೆ ತಿರುಗಿಕೊಂಡಿರುವ ಕಣ್ಣು ಅದು. ನಿನ್ನ ಫೋಟೋದಲ್ಲಿ ನೆಟ್ಟಗೆ ನಿಂತಿದೆ. ಮೊದಲ ನೋಟಕ್ಕೆ ಯಾರೋ ಬೇರೆ ಹೆಂಗಸು ನನ್ನ ಸೀರೆ ಉಟ್ಟುಕೊಂಡು ನಿಂತಿದ್ದಾಳೆ ಅನ್ನಿಸಿತು. ಆಮೇಲೆ ಚೌಕಟ್ಟು ಕೂರಿಸುವಾಗ ಬಳಸುವ ಭೂತಗನ್ನಡಿ ಹಿಡಿದು ನೋಡಿದೆ. ಒಂದು ಕಣ್ಣಿನಲ್ಲಿ ಬಾಗಿಲ ಬೆಳಕಿನ ಚುಕ್ಕೆ ಎಡಕ್ಕಿದೆ, ಇನ್ನೊಂದರಲ್ಲಿ ಬಲಕ್ಕಿದೆ. ನನ್ನ ಅಂಗಡಿಗೆ ಇರುವುದು ಒಂದೇ ಬಾಗಿಲು. ಎರಡನೆಯದನ್ನು ನೀನು ಯಾವಾಗ ಇಡಿಸಿದೆ?

ನಗು ಬಂದರೆ ನಕ್ಕುಬಿಡು, ನಾನೂ ನಕ್ಕೆ. ಆದರೆ ಸಂಜೆಯ ಹೊತ್ತಿಗೆ ನಗು ಉಳಿದಿರಲಿಲ್ಲ. ಔಷಧಿ ಅಂಗಡಿಯವರು ಬಂದು "ಆಪರೇಷನ್ ಮಾಡಿಸ್ಕೊಂಡ್ರಂತೆ, ನಮಗೆ ಹೇಳ್ಲೇ ಇಲ್ಲ" ಅಂದರು. ಅನ್ನುತ್ತಾ ನನ್ನ ಮುಖ ನೋಡಿದರು. ಅವರು ಕಣ್ಣು ಕೆಳಗೆ ಮಾಡಿಕೊಂಡು ಚಿಲ್ಲರೆ ಹುಡುಕತೊಡಗಿದರು. ಇಂಥದ್ದು ಮೂರು ನಾಲ್ಕು ಸಲ ಆಯಿತು. ನನ್ನ ಕಣ್ಣಿನ ಬಗ್ಗೆ ಈ ಬೀದಿಯವರು ಮಾತಾಡುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಈಗ ಎಲ್ಲರೂ ಮತ್ತೆ ನೋಡುತ್ತಿದ್ದಾರೆ.

ಫೋಟೋ ತೆಗಿ ಅಂದವಳು ನಾನೇ. ಹಾಕು ಅಂದವಳೂ ನಾನೇ. ತಿದ್ದು ಅಂತ ಮಾತ್ರ ಅಂದಿರಲಿಲ್ಲ. ನೀನು ಕೇಳಲೂ ಇಲ್ಲ.

ಊಟ ಸರಿಯಾಗಿ ಮಾಡು.

ನಿನ್ನ
ಚಿಕ್ಕಮ್ಮ


ನವೆಂಬರ್ 30

ಚಿಕ್ಕಮ್ಮಾ,

ನಿನ್ನ ಕಾಗದ ಓದಿದ ತಕ್ಷಣ ಫೋಟೋವನ್ನು ಪುಟದಿಂದ ತೆಗೆದುಹಾಕಿದೆ. ಅತ್ತದ್ದಂತೂ ನಿಜ, ಫೋನಿನಲ್ಲಿ ಅಲ್ಲವಾದ್ದರಿಂದ ನಿನಗೆ ಕೇಳಿಸಲಿಲ್ಲ ಅಷ್ಟೆ.

ನಾನೇನು ಮಾಡಿದೆ ಎಂದು ಹೇಳಿಬಿಡುತ್ತೇನೆ. ನಿನ್ನ ಬಲಗಣ್ಣನ್ನು ದೊಡ್ಡದು ಮಾಡಿ, ಅದರ ಸುತ್ತ ಗೆರೆ ಎಳೆದು ನಕಲು ತೆಗೆದೆ. ಆ ನಕಲನ್ನು ಇನ್ನೊಂದು ಪದರದ ಮೇಲಿಟ್ಟು, ಎಡ ಬಲ ಮಗುಚಿ, ಎಡಗಣ್ಣಿನ ಮೇಲೆ ಕೂರಿಸಿದೆ. ರೆಪ್ಪೆಯ ಅಂಚು ಮಸುಕು ಮಾಡಿ ಚರ್ಮದ ಬಣ್ಣಕ್ಕೆ ಬೆರೆಸಿದೆ. ಮಗುಚಿದಾಗ ಆ ಕಡೆಗೆ ಹೋದ ಬೆಳಕಿನ ಚುಕ್ಕೆಯನ್ನು ಮತ್ತೆ ಈ ಕಡೆಗೆ ತರಬೇಕೆಂಬುದು ಮರೆತೇಹೋಯಿತು. ನೀನು ಕನ್ನಡಕ ಕೂರಿಸುವಷ್ಟು ಹೊತ್ತಿನಲ್ಲಿ ಮುಗಿಯುವ ಕೆಲಸ. ತೆಗೆದ ಫೋಟೋ ಇದ್ದ ಹಾಗೇ ಕೆಳಗಿನ ಪದರದಲ್ಲಿ ಉಳಿದಿದೆ, ಅದನ್ನು ನಾನು ಮುಟ್ಟಿಲ್ಲ.

ಸ್ಟುಡಿಯೋದಲ್ಲಿ ನಾನು ಹೀಗಲ್ಲ ಚಿಕ್ಕಮ್ಮ. ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು "ಇದು ಇರ್ಲಾ, ಹೋಗ್ಲಾ?" ಎಂದು ಒಂದೊಂದನ್ನೂ ಕೇಳುತ್ತೇನೆ. ಒಬ್ಬರ ಗಲ್ಲದ ಮಚ್ಚೆ ಅವರ ಅಜ್ಜಿಯಿಂದ ಬಂದದ್ದಂತೆ. ಮುಟ್ಟಿದ್ದರೆ ಜಗಳವೇ ಆಗುತ್ತಿತ್ತು. ಅಪರಿಚಿತರ ಮಚ್ಚೆಗೂ ಅಪ್ಪಣೆ ಕೇಳುವ ನಾನು ನಿನ್ನ ಕಣ್ಣಿಗೆ ಕೇಳಲಿಲ್ಲ. ನೀನು ನನ್ನವಳಲ್ಲವೇ, ಕೇಳುವುದೇನು ಅನ್ನಿಸಿಬಿಟ್ಟಿತ್ತು. ನಿನಗೆ ಖುಷಿಯಾಗುತ್ತದೆ ಎಂದು ನಾನೇ ತೀರ್ಮಾನಿಸಿಬಿಟ್ಟೆ.

ಈಗ ಫೋಟೋ ಇಲ್ಲ. ಇನ್ನಾದರೂ ನಿನಗೆ ನೆಮ್ಮದಿಯಾಗಲಿ. ಕ್ಷಮಿಸು.

ಚೂಟಿ


ಡಿಸೆಂಬರ್ 6

ಚೂಟಿ,

ಕ್ಷಮಿಸುವುದೇನು ಬಂತು, ಮೊದಲ ಕಾಗದದಲ್ಲೇ ಕ್ಷಮಿಸಿಯಾಗಿತ್ತು. ಆದರೆ ಫೋಟೋ ಅಳಿಸಿ ನೀನು ಇನ್ನೊಂದು ತೊಂದರೆ ತಂದಿಟ್ಟೆ.

ಪಟ್ಟಿರಾಣಿ ನೆನಪಿದೆಯಾ? ನೀನು ಬಂದಿದ್ದಾಗ ನನ್ನ ಮೇಜಿನ ಕೆಳಗೆ ಕೂತು ಕನ್ನಡಕದ ಡಬ್ಬಿಗಳನ್ನು ರೈಲು ಮಾಡುತ್ತಿದ್ದ ಐದು ವರ್ಷದ ಹುಡುಗಿ. ಅವಳದೂ ನನ್ನ ಹಾಗೆಯೇ ಎಡಗಣ್ಣು. ಒಂದು ಕಣ್ಣು ಓರೆಯಾದರೆ ಮಿದುಳು ಅದರಿಂದ ನೋಡುವುದನ್ನೇ ಬಿಟ್ಟುಬಿಡುತ್ತದೆ. ಅದಕ್ಕೇ ಕಣ್ಣಿನ ಡಾಕ್ಟರು ಒಳ್ಳೆಯ ಕಣ್ಣಿಗೆ ದಿನಕ್ಕೆ ಇಷ್ಟು ಹೊತ್ತು ಅಂತ ಪಟ್ಟಿ ಹಾಕಿಸುತ್ತಾರೆ, ಸೋಮಾರಿ ಕಣ್ಣು ಕೆಲಸ ಮಾಡಲಿ ಎಂದು. ಅದು ಚಿಕ್ಕ ವಯಸ್ಸಿನಲ್ಲೇ ಆಗಬೇಕು. ದೊಡ್ಡವಳಾದಷ್ಟೂ ಅದರಿಂದ ಆಗುವ ಉಪಯೋಗ ಕಡಿಮೆ. ನನಗೆ ಯಾರೂ ಹಾಕಿಸಲಿಲ್ಲ, ಹಾಗಾಗಿ ನನ್ನ ಎಡಗಣ್ಣಿಗೆ ಅಕ್ಷರ ಹತ್ತುವುದಿಲ್ಲ. ಪಟ್ಟಿ ಎಂದರೆ ಆ ಮನೆಯಲ್ಲಿ ದಿನವೂ ರಂಪ. ಅವಳ ಅಮ್ಮ ಸೋತುಹೋದಾಗೆಲ್ಲ ಅವಳನ್ನು ನನ್ನ ಹತ್ತಿರ ಕರೆದುಕೊಂಡು ಬರುತ್ತಿದ್ದಳು. ನಾನು ನನ್ನ ಬಲಗಣ್ಣು ಮುಚ್ಚಿಕೊಂಡು "ನೋಡು, ನಂಗೆ ನೀನು ಕಾಣ್ತಾನೇ ಇಲ್ಲ" ಅನ್ನುತ್ತಿದ್ದೆ. ಆಮೇಲೆ ತಾನೇ ಪಟ್ಟಿ ಅಂಟಿಸಿಕೊಳ್ಳುತ್ತಿದ್ದಳು.

ಮೂರು ವಾರದಿಂದ ಬಂದಿರಲಿಲ್ಲ. ನಿನ್ನೆ ಬಸ್ ನಿಲ್ದಾಣದಲ್ಲಿ ಸಿಕ್ಕರು. ಹುಡುಗಿಯ ಮುಖದಲ್ಲಿ ಪಟ್ಟಿ ಇಲ್ಲ. ಅಮ್ಮ ಅಂದಳು: "ನಿಮಗೆ ಈ ವಯಸ್ಸಲ್ಲಿ ಸರಿಹೋಯ್ತು ಅಂದ್ಮೇಲೆ ಇವಳಿಗೆ ಈಗ್ಲೇ ಏನವಸರ ಅಂತ ನಿಲ್ಲಿಸಿದೆ." ಅದು ಫೋಟೋದ ಆಟ, ಸರಿಹೋಗಿಲ್ಲ, ನನ್ನ ಮುಖ ನೋಡು ಅಂದೆ. "ನಿಮ್ಮ ಅಂಗಡಿ ಪುಟದಲ್ಲೇ ಇತ್ತಲ್ಲ, ಆಮೇಲೆ ಯಾಕೆ ತೆಗೆದ್ರಿ? ಆಪರೇಷನ್ ಕೆಟ್ಟಿತಾ?" ಅಂದಳು. ಅಳಿಸಿದ್ದಕ್ಕೆ ಅವಳು ಕಟ್ಟಿಕೊಂಡ ಅರ್ಥ ಅದು.

ಆ ಮಗು ನನ್ನನ್ನೇ ನೋಡುತ್ತಿತ್ತು. "ಫೋನಲ್ಲಿ ನೆಟ್ಟಗಿತ್ತಲ್ಲ, ಮತ್ತೆ ಯಾಕೆ ಸೊಟ್ಟ ಮಾಡ್ಕೊಂಡ್ರಿ?" ಎಂದು ಕೇಳಿತು.

ಅಷ್ಟರಲ್ಲಿ ಬಸ್ಸು ಬಂತು, ಅವರು ಹತ್ತಿಹೋದರು.

ಅಳಿಸಿದರೆ ಪುಟದಿಂದ ಹೋಗುತ್ತದೆ, ಕಂಡವರ ತಲೆಯಿಂದ ಹೋಗುವುದಿಲ್ಲ. ನೆಂಟರ ಫೋನುಗಳಲ್ಲಂತೂ ಇನ್ನೂ ಇದೆ. ನಿಮ್ಮ ದೊಡ್ಡಮ್ಮ ಅದನ್ನು ದೊಡ್ಡದಾಗಿ ಮಾಡಿಸಿ ಗೋಡೆಗೆ ಹಾಕುತ್ತಾಳಂತೆ. ಎಲ್ಲಿ ತಪ್ಪು ಹೇಳಿದೆವೋ ಅಲ್ಲೇ ಸರಿ ಹೇಳಬೇಕು. ಏನು ಹೇಳುತ್ತೀಯೋ ಯೋಚಿಸು. ಆದರೆ ನನ್ನ ಕಣ್ಣಿನ ವಿಷಯ ಒಂದಕ್ಷರ ಹಾಕುವುದಕ್ಕೂ ಮುಂಚೆ ನನಗೆ ತೋರಿಸು.

ಚಿಕ್ಕಮ್ಮ


ಡಿಸೆಂಬರ್ 12

ಚಿಕ್ಕಮ್ಮಾ,

ಆ ಮಗುವಿನ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ನಾನು ಕದ್ದದ್ದು ನಿನ್ನದೊಂದೇ ಕಣ್ಣು ಅಂದುಕೊಂಡಿದ್ದೆ.

ಇದರ ಜೊತೆ ಎರಡು ಫೋಟೋ ಇಟ್ಟಿದ್ದೇನೆ. ಒಂದು ಕ್ಯಾಮೆರಾ ತೆಗೆದದ್ದು, ಇನ್ನೊಂದು ನಾನು ಕೆಡಿಸಿದ್ದು. ಯಾವುದು ಯಾವುದೆಂದು ಹಿಂಭಾಗದಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ, ಆದರೆ ನಿನಗೆ ಅದರ ಅಗತ್ಯ ಬೀಳುವುದಿಲ್ಲ.

ಪುಟದಲ್ಲಿ ಹೀಗೆ ಬರೆಯಲೇ? "ಹೋದ ತಿಂಗಳು ಇಲ್ಲಿ ಹಾಕಿದ್ದ ಅಂಗಡಿಯವರ ಫೋಟೋವನ್ನು ನಾನು ಕಂಪ್ಯೂಟರಿನಲ್ಲಿ ತಿದ್ದಿದ್ದೆ. ಅವರನ್ನು ಕೇಳಿರಲಿಲ್ಲ, ನಿಮಗೂ ಹೇಳಿರಲಿಲ್ಲ. ಎರಡೂ ತಪ್ಪು. ಉಳಿಸಿಕೊಂಡಿರುವವರು ದಯವಿಟ್ಟು ಅಳಿಸಿ, ಮುಂದಕ್ಕೆ ಕಳಿಸಬೇಡಿ." ಇಷ್ಟರಲ್ಲಿ ಕಣ್ಣು ಎಂಬ ಮಾತೇ ಇಲ್ಲ. ನಿನಗೆ ಇಷ್ಟವಿಲ್ಲದಿದ್ದರೆ ಇಷ್ಟಕ್ಕೇ ನಿಲ್ಲಿಸುತ್ತೇನೆ, ಏನು ತಿದ್ದಿದೆ ಎಂದು ಹೇಳುವ ಹಕ್ಕು ನನಗಿಲ್ಲ. ಆದರೆ ಇದನ್ನಷ್ಟೇ ಓದಿದರೆ ಪಟ್ಟಿರಾಣಿಯ ಅಮ್ಮನಿಗೆ ಸೀರೆಯ ಬಣ್ಣ ತಿದ್ದಿದ್ದಾರೋ ಏನೋ ಅನ್ನಿಸಬಹುದು. ಹೇಳಿದರೆ ನಿನ್ನ ಕಣ್ಣು ಮತ್ತೆ ಊರ ಮಾತಾಗುತ್ತದೆ, ಹೇಳದಿದ್ದರೆ ಆ ಮಗುವಿಗೆ ನಷ್ಟ. ಇದನ್ನು ಈ ಸಲ ನಾನು ತೀರ್ಮಾನಿಸುವುದಿಲ್ಲ.

ತಿದ್ದದ ಫೋಟೋವನ್ನು ಹಾಕುವುದೋ ಬೇಡವೋ ಅದನ್ನೂ ನೀನೇ ಹೇಳು. ಹಾಕು ಎಂದು ಹಿಂದೆ ಅಂದಿದ್ದೆಯಲ್ಲ ಎಂದು ನಾನು ಹಿಡಿದುಕೊಳ್ಳುವುದಿಲ್ಲ. ಈಗ ಮನಸ್ಸು ಬದಲಾಗಿದ್ದರೆ ಬದಲಾಗಿದೆ, ಅಷ್ಟೆ. ಎಲ್ಲಕ್ಕೂ ಬೇಡ ಅಂದರೂ ನಾನು ನಿನ್ನ ಚೂಟಿಯೇ.

ನೆಂಟರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ನಾನು ತಿದ್ದಿದ್ದು, ಅಳಿಸಿ ಎಂದೆ. ಏನು ತಿದ್ದಿದೆ ಎಂದು ಅವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ದೊಡ್ಡಮ್ಮ ಚೌಕಟ್ಟಿಗೆ ಮುಂಗಡ ಕೊಟ್ಟಾಗಿದೆಯಂತೆ, ಅವಳ ಬೈಗುಳ ಎಲ್ಲ ನಾನೇ ಉಂಡೆ.

ಚೂಟಿ


ಜನವರಿ 3

ನನ್ನ ಚೂಟಿ,

ತಡವಾಗಿ ಬರೆಯುತ್ತಿದ್ದೇನೆ. ನಿನ್ನ ಕಾಗದವನ್ನು ಗಲ್ಲಾದ ಖಾನೆಯಲ್ಲಿಟ್ಟುಕೊಂಡು ಗಿರಾಕಿ ಇಲ್ಲದಾಗೆಲ್ಲ ತೆಗೆದು ಓದುತ್ತಿದ್ದೆ. ಅದಕ್ಕೇ ಉತ್ತರ ಬೇಗ ಬರೆಯಲು ಮನಸ್ಸಾಗಲಿಲ್ಲ.

ನನ್ನ ಕಣ್ಣನ್ನು ಏನು ಮಾಡಬೇಕೆಂದು ಜನ ನನಗೆ ಹೇಳುತ್ತಲೇ ಬಂದಿದ್ದಾರೆ. ಕಪ್ಪು ಕನ್ನಡಕ ಹಾಕು ಅಂದವರಿದ್ದಾರೆ, ತಲೆ ಬಗ್ಗಿಸು ಅಂದವರಿದ್ದಾರೆ. ಡಾಕ್ಟರೊಬ್ಬರು ಆಪರೇಷನ್ನಿಂದ ನೆಟ್ಟಗೆ ಕಾಣುವಂತೆ ಮಾಡಬಹುದು, ಆದರೆ ಆ ಕಣ್ಣಿಗೆ ದೃಷ್ಟಿ ಬರುವುದಿಲ್ಲ ಎಂದರು. ಬೇಡ ಅಂದೆ. ಯಾಕೆ ಬೇಡ ಅನ್ನುವುದು ನನ್ನ ಸ್ವಂತ ವಿಷಯ. ನಿನಗೇನು ಬೇಕು ಎಂದು ಕೇಳಿ, ಬೇಡ ಅಂದರೂ ಸರಿ ಎಂದು ಕಾಗದದಲ್ಲಿ ಬರೆದುಕೊಟ್ಟವರು ಬೇರೆ ಯಾರೂ ಇಲ್ಲ. ನೀನೊಬ್ಬಳೇ. ತಡವಾಗಿ ಕೇಳಿದೆ, ಪರವಾಗಿಲ್ಲ. ಕೇಳಿದೆಯಲ್ಲ.

ನೀನು ಬರೆದದ್ದು ಚೆನ್ನಾಗಿದೆ, ಹಾಕು. ತಿದ್ದದ ಫೋಟೋವನ್ನೂ ಹಾಕು. ಅದರ ಕೆಳಗೆ ನನ್ನ ಮಾತು ಇದು, ಒಂದಕ್ಷರ ಬದಲಿಸಬೇಡ: "ನನ್ನ ಎಡಗಣ್ಣು ಓರೆ, ಅದಕ್ಕೆ ದೃಷ್ಟಿ ಕಡಿಮೆ. ಯಾವ ಆಪರೇಷನ್ನೂ ಮಾಡಿಸಿಲ್ಲ. ನಿಮ್ಮ ಮಕ್ಕಳ ಕಣ್ಣು ಓರೆಯಿದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ. ಪಟ್ಟಿ ಹಾಕಿ ಅಂದಿದ್ದರೆ ನಿಲ್ಲಿಸಬೇಡಿ." ಕೆಡಿಸಿದ ಫೋಟೋವನ್ನು ಪಕ್ಕದಲ್ಲಿಟ್ಟು ತೋರಿಸುವುದು ಬೇಡ. ಅದು ಮತ್ತೆ ಊರೂರು ಸುತ್ತುವುದು ನನಗಿಷ್ಟವಿಲ್ಲ.

ಆದರೆ ಪಟ್ಟಿರಾಣಿಯ ಅಮ್ಮ ಪುಟ ನೋಡುವವರೆಗೆ ನಾನು ಕಾಯಲಿಲ್ಲ. ಎರಡು ಫೋಟೋಗಳನ್ನೂ ಕೈಯಲ್ಲಿ ಹಿಡಿದು ಅವರ ಮನೆಗೇ ಹೋದೆ. ಚುಕ್ಕೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ "ನಂಬೋಕೆ ಸುಲಭ ಇತ್ತು, ಅದಕ್ಕೇ ನಂಬಿದೆ" ಅಂದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗುವಿಗೆ ನಾನೇ ಹೇಳಿದೆ: "ನನ್ನ ಅಕ್ಕನ ಮಗಳು ಕಂಪ್ಯೂಟರಲ್ಲಿ ಕಣ್ಣು ಬಿಡಿಸಿಬಿಟ್ಟಿದ್ಲು, ನನ್ನ ಕೇಳಿರ್ಲಿಲ್ಲ." ಅವಳು "ಕೇಳ್ಬೇಕಿತ್ತು" ಎಂದು ತೀರ್ಪು ಕೊಟ್ಟಳು. ಮತ್ತೆ ಪಟ್ಟಿ ಶುರುವಾಗಿದೆ. ಡಾಕ್ಟರು ನೋಡಿ, ಬಿಟ್ಟ ವಾರಗಳಿಂದ ಹೆಚ್ಚು ಹಾನಿಯಾಗಿಲ್ಲ ಅಂದರಂತೆ. ಆ ಮಾತು ಕೇಳಿದ ದಿನ ನಾನು ಹೊಟ್ಟೆ ತುಂಬ ಊಟ ಮಾಡಿದೆ.

ಇನ್ನೊಂದು ಹೇಳಬೇಕು. ನಿನ್ನ ಅಮ್ಮನ ಮದುವೆ ಫೋಟೋ ನಿಮ್ಮ ಹಜಾರದಲ್ಲಿದೆಯಲ್ಲ, ಅಮ್ಮ ನೆಲ ನೋಡುತ್ತಾ ನಿಂತಿರುವುದು, ಪಕ್ಕದಲ್ಲಿ ನಾನು. ಮದುಮಗಳಿಗೆ ನಾಚಿಕೆ ಎಂದು ನೀವೆಲ್ಲ ತಮಾಷೆ ಮಾಡುತ್ತೀರಿ. ನಿನ್ನ ಅಮ್ಮನಿಗೆ ಎಲ್ಲಿಯ ನಾಚಿಕೆ? ಫೋಟೋ ತೆಗೆಯುವವನು "ತಂಗಿ ಕೆಳಗೆ ನೋಡ್ಲಿ, ಕಣ್ಣು ಫೋಟೋದಲ್ಲಿ ಚೆನ್ನಾಗಿ ಬರಲ್ಲ" ಅಂದ. ನಾನು ತಲೆ ಬಗ್ಗಿಸಿದೆ. ಅಕ್ಕ ತಾನೂ ಕೆಳಗೆ ನೋಡಿದಳು. ಅವನು ಎಷ್ಟು ಕೂಗಿಕೊಂಡರೂ ತಲೆ ಎತ್ತಲಿಲ್ಲ. "ಅವಳು ಹೇಗೋ ನಾನೂ ಹಾಗೇ, ತೆಗಿ" ಅಂದಳು. ತನ್ನ ಮದುವೆಯ ಒಂದೇ ದೊಡ್ಡ ಫೋಟೋವನ್ನು ನನಗಾಗಿ ಹಾಗೆ ತೆಗೆಸಿಕೊಂಡಳು. ಇವತ್ತಿನವರೆಗೂ ಅದನ್ನು ಅವಳು ಯಾರಿಗೂ ಹೇಳಿಲ್ಲ. ಅವಳ ಮಗಳು ನೀನು, ನಿನಗೆ ಗೊತ್ತಿರಲಿ.

ನಿನ್ನ ಕಾಗದಕ್ಕೆ ನಾನು ಋಣಿ.

ಚಿಕ್ಕಮ್ಮ


ಫೆಬ್ರವರಿ 18

ಚಿಕ್ಕಮ್ಮಾ,

ಮೊನ್ನೆ ಎರಡು ದಿನ ನಿನ್ನ ಮನೆಯಲ್ಲಿ ಅಮ್ಮನ ಜೊತೆ ಇದ್ದು ಬಂದೆನಲ್ಲ, ಇನ್ನೂ ಅದೇ ಗುಂಗು. ಮದುವೆ ಫೋಟೋದ ವಿಷಯ ನನಗೆ ಗೊತ್ತೆಂದು ಅಮ್ಮನಿಗೆ ಹೇಳಲಿಲ್ಲ. ಅಂಗಡಿಯೊಳಗೆ ಬಾಗಿಲ ಹತ್ತಿರ ನಿಮ್ಮಿಬ್ಬರನ್ನೂ ನಿಲ್ಲಿಸಿ ಕ್ಯಾಮೆರಾ ಎತ್ತಿದಾಗ, ಇಬ್ಬರೂ ನೇರ ನನ್ನನ್ನೇ ನೋಡಿದಾಗ, ನಾನು ಅವಸರದಲ್ಲಿ ಗುಂಡಿ ಒತ್ತಿಬಿಟ್ಟೆ. ಫೋಟೋ ಸ್ವಲ್ಪ ಅಲುಗಿದ್ದರೆ ಅದಕ್ಕೇ.

ಆ ಫೋಟೋ ಇದರೊಂದಿಗಿದೆ. ಅಮ್ಮ ಇನ್ನೂ ನಿನ್ನ ಹತ್ತಿರವೇ ಇದ್ದಾಳಲ್ಲ, ಇಬ್ಬರೂ ನೋಡಿ. ಪುಟಕ್ಕೆ ಹಾಕಬಹುದೇ, ಏನಾದರೂ ತಿದ್ದಬೇಕೇ, ಇಬ್ಬರೂ ಬೇರೆ ಬೇರೆಯಾಗಿ ಹೇಳಬೇಕು. ಒಬ್ಬರ ಒಪ್ಪಿಗೆ ಇನ್ನೊಬ್ಬರಿಗೆ ಆಗುವುದಿಲ್ಲ.

ಅಮ್ಮ ಆಗಲೇ ಫೋನ್ ಮಾಡಿ ಅರ್ಜಿ ಹಾಕಿದ್ದಾಳೆ: "ನನ್ನ ಕೂದಲು ಕಪ್ಪು ಮಾಡು. ಮಾಡಿದೀನಿ ಅಂತ ಬರೀಬೇಡ." ಅವಳ ಕೂದಲು, ಅವಳು ಹೇಳಿದ ಹಾಗೆ ಮಾಡುತ್ತೇನೆ, ಆದರೆ ತಿದ್ದಿದ ಫೋಟೋ ಎಂದು ಒಂದು ಸಾಲು ಹಾಕುತ್ತೇನೆ ಅಂದೆ. ಏನು ತಿದ್ದಿದ್ದು ಎಂದು ಬರೆಯಬೇಕಿಲ್ಲ, "ಒಪ್ಪಿಗೆ ಪಡೆದು ತಿದ್ದಿದ್ದು" ಅಂದರೆ ಸಾಕು ಅಂದೆ. ನಂಬಿಕೆಯ ಜಾಗ ಎಂದು ಬೋರ್ಡು ಹಾಕಿಕೊಂಡ ಪುಟ, ಮತ್ತೆ ಮುಚ್ಚಿಡಲು ನನ್ನಿಂದಾಗದು. ಮನೆಯ ಆಲ್ಬಮ್ಮಿಗಾದರೆ ಯಾವ ಸಾಲೂ ಬೇಡ, ಬೇಕಾದಷ್ಟು ಕಪ್ಪು ಮಾಡಿಕೊಡುತ್ತೇನೆ. ಅಮ್ಮ ಫೋನ್ ಇಟ್ಟುಬಿಟ್ಟಳು. ಸಿಟ್ಟಾದಳೇ?

ಚೂಟಿ


ಫೆಬ್ರವರಿ 26

ಚೂಟಿ,

ಸಿಟ್ಟೇ? ಎರಡು ದಿನ ನನ್ನ ಅಡುಗೆಮನೆಯ ಪಾತ್ರೆಗಳೆಲ್ಲ ಸದ್ದು ಮಾಡಿದವು. "ಮಗಳು ಅಂತ ಹೆತ್ತಿದ್ದು ಒಂದು ಕೂದಲು ಬಣ್ಣಕ್ಕೂ ಕಾನೂನು ಹೇಳೋಕೆ" ಅಂದಳು. ನಾನು ಬಾಯಿ ಹಾಕಲಿಲ್ಲ. ಅವಳ ಕೂದಲಿನ ವಿಷಯದಲ್ಲಿ ನನ್ನದೇನು ನಡೆಯುತ್ತದೆ?

ನಿನ್ನೆ ಸಂಜೆ ಅಂಗಡಿಗೆ ಬಂದು ಪಕ್ಕದಲ್ಲಿ ಕೂತಳು. ಪಟ್ಟಿರಾಣಿ ಮೇಜಿನ ಕೆಳಗೆ ರೈಲು ಬಿಡುತ್ತಿದ್ದಳು, ಪಟ್ಟಿ ಅಂಟಿಸಿಕೊಂಡು. ಅಕ್ಕ ಫೋಟೋವನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ "ತಿದ್ದಿದ ಫೋಟೋ ಅಂತ ಕೆಳಗೆ ಬರೆದ್ರೆ ಜನ ಏನಂದ್ಕೋತಾರೆ? ಮತ್ತೆ ನಿನ್ನ ಕಣ್ಣನ್ನೇ ಏನೋ ಮಾಡಿದಾರೆ ಅಂದ್ಕೋತಾರೆ" ಅಂದಳು. ಅಂದುಕೊಳ್ಳಲಿ ಬಿಡು ಅಂದೆ. "ಬೇಡ. ನಿಂದು ಇದ್ದ ಹಾಗೇ ಇರೋದಾದ್ರೆ ನಂದೂ ಇದ್ದ ಹಾಗೇ ಇರ್ಲಿ" ಅಂದಳು.

ಅವತ್ತೂ ಇಷ್ಟೇ ಅಂದಿದ್ದಳು. ಅವತ್ತು ಇಬ್ಬರೂ ನೆಲ ನೋಡುತ್ತಿದ್ದೆವು, ಅಷ್ಟೇ ವ್ಯತ್ಯಾಸ.

ನನಗೆ ತಡೆಯಲಾಗಲಿಲ್ಲ, ಎಂದೂ ಹೇಳದ್ದನ್ನು ಹೇಳಿಬಿಟ್ಟೆ. "ಅಕ್ಕಾ, ಆ ಮದುವೆ ಫೋಟೋಕ್ಕೆ ನಿಂಗೆ ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು" ಅಂದೆ. ಅವಳು "ಅದಾ? ಆ ಫೋಟೋದಲ್ಲಿ ನಾನೇ ಚೆನ್ನಾಗಿ ಬಂದಿದೀನಿ" ಎಂದು ಮುಖ ಆ ಕಡೆ ತಿರುಗಿಸಿಕೊಂಡಳು. 

ಫೋಟೋ ಎಲ್ಲೂ ಅಲುಗಿಲ್ಲ. ನನ್ನ ಹಿಂದೆ ಗೋಡೆಯ ಕ್ಯಾಲೆಂಡರ್ ಸೊಟ್ಟಗಿದೆ, ಅದನ್ನು ನೆಟ್ಟಗೆ ಮಾಡಬೇಡ, ನಾನೇ ನಾಳೆ ಮೊಳೆ ಹೊಡೆಯುತ್ತೇನೆ. ಭೂತಗನ್ನಡಿ ಹಿಡಿದೂ ನೋಡಿದೆ. ಬಾಗಿಲ ಬೆಳಕು ನಮ್ಮಿಬ್ಬರ ನಾಲ್ಕು ಕಣ್ಣುಗಳಲ್ಲೂ ಒಂದೇ ಕಡೆಗಿದೆ.

ಏನೂ ತಿದ್ದಿಲ್ಲ, ಹಾಗಾಗಿ ಕೆಳಗೆ ಸಾಲು ಬೇಕಿಲ್ಲ. ಅಕ್ಕ ನನ್ನ ಪೆನ್ನು ಕಿತ್ತುಕೊಂಡು ಇಲ್ಲಿ ತಾನೇ ಬರೆಯುತ್ತಾಳಂತೆ, ಅವಳದು ಬೇರೆ, ನನ್ನದು ಬೇರೆ.

ಒಪ್ಪಿಗೆ. ಬಿಳಿ ಕೂದಲಿನ ಸಮೇತ. – ಅಮ್ಮ

ಒಪ್ಪಿಗೆ. – ಚಿಕ್ಕಮ್ಮ